ಡ್ಯೂಟಿ ಎಕ್ಸ್‌ಚೇಂಜ್ ಮೆಸೇಜ್: ಇನ್‌ಚಾರ್ಜ್ ಒಂದೇ ಸಲ ಓದಿ ‘ಸರಿ’ ಅನ್ನುವಂತೆ ಬರೆಯುವುದು ಹೇಗೆ?

“ಮೇಡಂ, ಶನಿವಾರ ನಂದು ರೇಣುಕಕ್ಕ ಮಾಡ್ತಾರೆ, ಅವರದ್ದು ನಾನು ಮಾಡ್ತೀನಿ, ಪ್ಲೀಸ್.”

ವಾರ್ಡಿನ ರೋಸ್ಟರ್ ಹಾಕುವವರ ಫೋನಿಗೆ ಇಂಥ ಮೆಸೇಜ್ ಬರದ ವಾರವಿಲ್ಲ. ಕಳಿಸಿದವರಿಗೆ ಇದರಲ್ಲಿ ಎಲ್ಲವೂ ಇದೆ ಅನ್ನಿಸುತ್ತದೆ. ಓದುವವರಿಗೆ ಅಲ್ಲಿಂದಲೇ ಕೆಲಸ ಶುರು. ಯಾವ ಶನಿವಾರ? ‘ನಂದು’ ಅಂದರೆ ನೈಟಾ? ‘ಅವರದ್ದು’ ಅಂದರೆ ಅದೇ ದಿನದ್ದಾ, ಬೇರೆ ದಿನದ್ದಾ? ರೇಣುಕಾ ನಿಜವಾಗಿ ಒಪ್ಪಿದ್ದಾರಾ? ಮರುದಿನ ಯಾರಿಗೆ ಆಫ್? ಇಷ್ಟಕ್ಕೂ ಉತ್ತರ ಹುಡುಕುವಷ್ಟರಲ್ಲಿ ರೌಂಡ್ಸಿಗೆ ಡಾಕ್ಟರ್ ಬಂದಿರುತ್ತಾರೆ, ಮೆಸೇಜ್ ಕೆಳಗೆ ಹೋಗಿರುತ್ತದೆ. ಸಂಜೆ ಮತ್ತೆ ಕೇಳಿದರೆ ಸಿಗುವ ಉತ್ತರ ‘ಆಗಲ್ಲ’. ಇನ್‌ಚಾರ್ಜಿಗೆ ನಿಮ್ಮ ಮೇಲೆ ಸಿಟ್ಟಿರುವುದಿಲ್ಲ. ‘ಆಗಲ್ಲ’ ಅನ್ನುವುದಕ್ಕೆ ಲೆಕ್ಕ ಹಾಕಬೇಕಿಲ್ಲ, ‘ಆಗುತ್ತೆ’ ಅನ್ನಬೇಕಾದರೆ ಹಾಕಬೇಕು, ಅಷ್ಟೇ.

ಆ ಲೆಕ್ಕವನ್ನು ನೀವಿಬ್ಬರೇ ಮುಗಿಸಿ ಕೊಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಖಾಸಗಿ ಆಸ್ಪತ್ರೆಯ ಫೀಮೇಲ್ ಮೆಡಿಕಲ್ ವಾರ್ಡಿನ ಇಬ್ಬರು ಸ್ಟಾಫ್ ನರ್ಸುಗಳನ್ನು ತೆಗೆದುಕೊಳ್ಳೋಣ. ಕಾವ್ಯ ಚಿಕ್ಕವಳು, ರೇಣುಕಾ ಸೀನಿಯರ್. ಹೆಸರುಗಳು ಉದಾಹರಣೆಗೆ ಮಾತ್ರ. ಮಾರ್ನಿಂಗ್ ಬೆಳಿಗ್ಗೆ 8ರಿಂದ ಮಧ್ಯಾಹ್ನ 2, ಆಫ್ಟರ್‌ನೂನ್ 2ರಿಂದ ರಾತ್ರಿ 8, ನೈಟ್ ರಾತ್ರಿ 8ರಿಂದ ಬೆಳಿಗ್ಗೆ 8. ಫ್ಯಾಕ್ಟರಿಯಲ್ಲಿ ಮೂರು ಪಾಳಿ ಇರುವವರು ಗಂಟೆಗಳನ್ನು ಮಾತ್ರ ಬದಲಿಸಿಕೊಂಡರೆ ಸಾಕು, ಸಿಕ್ಕಿಬೀಳುವ ಜಾಗಗಳು ಅವೇ.

ಮೊದಲು ಕೈಯಲ್ಲಿ ಇರಬೇಕಾದದ್ದು

ಈಗ ನಡೆಯುತ್ತಿರುವ ರೋಸ್ಟರಿನ ಫೋಟೋ ಬೇಕು. ಹಳೆಯದಲ್ಲ, ನರ್ಸಿಂಗ್ ಸ್ಟೇಷನ್ ಬೋರ್ಡಿನಲ್ಲಿ ಇವತ್ತು ಅಂಟಿಸಿರುವುದು. ರೋಸ್ಟರ್ ಹಾಕಿದ ಮೇಲೆ ಪೆನ್ನಿನಲ್ಲಿ ಎರಡು ಮೂರು ತಿದ್ದುಪಡಿ ಬಿದ್ದಿರುತ್ತವೆ, ಗ್ರೂಪಿನಲ್ಲಿರುವ ಪಿಡಿಎಫ್‌ನಲ್ಲಿ ಅವು ಕಾಣುವುದಿಲ್ಲ. ಹಾಜರಾತಿ ತಿಂಗಳು ಯಾವ ತಾರೀಖಿಗೆ ಮುಗಿಯುತ್ತದೆ ಅನ್ನುವುದೂ ಗೊತ್ತಿರಬೇಕು. ನಮ್ಮ ಉದಾಹರಣೆಯಲ್ಲಿ 21ರಿಂದ ಮುಂದಿನ ತಿಂಗಳ 20ರವರೆಗೆ ಲೆಕ್ಕ. ಇದು ಗೊತ್ತಿಲ್ಲದಿದ್ದರೆ ಎಚ್‌ಆರ್‌ನಲ್ಲಿ ಒಂದು ಸಲ ಕೇಳಿ ಬರೆದಿಟ್ಟುಕೊಳ್ಳಿ.

ಹಂತ 1: ಐದು ದಿನದ ಸಾಲು ಬರೆಯಿರಿ, ಒಂದು ದಿನದ್ದಲ್ಲ

ಕಾವ್ಯಳ ತಂಗಿಯ ನಿಶ್ಚಿತಾರ್ಥ ಹಾಸನದಲ್ಲಿ, 2026ರ ಮಾರ್ಚ್ 15, ಭಾನುವಾರ ಬೆಳಿಗ್ಗೆ. ಅವಳಿಗೆ 14ರ ಶನಿವಾರ ನೈಟ್ ಬಿದ್ದಿದೆ. ಅಂದರೆ ಡ್ಯೂಟಿ ಮುಗಿಯುವುದೇ ಭಾನುವಾರ ಬೆಳಿಗ್ಗೆ 8ಕ್ಕೆ. ಅವಳಿಗೆ ಮೊದಲು ಹೊಳೆಯುವುದು: ‘ಶನಿವಾರ ನೈಟನ್ನು ರೇಣುಕಕ್ಕನಿಗೆ ಕೊಟ್ಟರೆ ಆಯಿತು.’

ತಪ್ಪುವುದು ಇಲ್ಲೇ. ಪಾಳಿಯನ್ನು ಒಂಟಿಯಾಗಿ ನೋಡಬಾರದು. ಅದರ ಹಿಂದಿನ ದಿನ, ಮುಂದಿನ ಎರಡು ದಿನ, ಜೊತೆಗೆ ಬದಲಿಗೆ ಕೊಡುವ ದಿನ, ಇಷ್ಟನ್ನೂ ಇಬ್ಬರ ಹೆಸರಿನ ಮುಂದೆ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ರೋಸ್ಟರಿನಲ್ಲಿ ಇರುವುದು ಹೀಗೆ:

ಕಾವ್ಯ: 13 ಶುಕ್ರವಾರ ಮಾರ್ನಿಂಗ್, 14 ಶನಿವಾರ ನೈಟ್, 15 ಭಾನುವಾರ ನೈಟ್ ಆಫ್, 16 ಸೋಮವಾರ ಮಾರ್ನಿಂಗ್, 19 ಗುರುವಾರ ವೀಕ್ಲಿ ಆಫ್.

ರೇಣುಕಾ: 13 ಶುಕ್ರವಾರ ಆಫ್ಟರ್‌ನೂನ್, 14 ಶನಿವಾರ ಆಫ್ಟರ್‌ನೂನ್, 15 ಭಾನುವಾರ ವೀಕ್ಲಿ ಆಫ್, 16 ಸೋಮವಾರ ಆಫ್ಟರ್‌ನೂನ್, 19 ಗುರುವಾರ ಮಾರ್ನಿಂಗ್.

ಈಗ ಕಾಣುತ್ತದೆ. ರೇಣುಕಾ ಶನಿವಾರ ಮಧ್ಯಾಹ್ನ 2ರಿಂದ ರಾತ್ರಿ 8ರವರೆಗೆ ಮೊದಲೇ ಡ್ಯೂಟಿಯಲ್ಲಿದ್ದಾರೆ. ಬರೀ ನೈಟ್ ಕೊಟ್ಟರೆ 2 ಗಂಟೆಗೆ ಬಂದವರು ಮರುದಿನ ಬೆಳಿಗ್ಗೆ 8ಕ್ಕೆ ಹೋಗಬೇಕು. ಒಂದೇ ಉಸಿರಿಗೆ 18 ಗಂಟೆ. ಇದಕ್ಕೆ ಯಾವ ಇನ್‌ಚಾರ್ಜೂ ಒಪ್ಪಬಾರದು. ಬೆಳಗಿನ ಜಾವ 5ಕ್ಕೆ ಇನ್ಸುಲಿನ್ ಡೋಸ್ ಓದುವುದು ಅದೇ ಕಣ್ಣುಗಳು.

ಆದ್ದರಿಂದ ಶನಿವಾರದ ಆಫ್ಟರ್‌ನೂನ್ ಕಾವ್ಯಳಿಗೆ ಬರಬೇಕು. ರಾತ್ರಿ 8ಕ್ಕೆ ಮುಗಿಸಿ, ಅದೇ ರಾತ್ರಿಯೋ ಬೆಳಗಿನ ಮೊದಲ ಬಸ್ಸಿಗೋ ಅವಳು ಹಾಸನಕ್ಕೆ ಹೊರಡಬಹುದು.

ಹಂತ 2: ಭಾನುವಾರದ ಆಫ್ ಯಾರದ್ದು?

ಹೆಚ್ಚಿನ ಎಕ್ಸ್‌ಚೇಂಜ್‌ಗಳು ಜಗಳಕ್ಕೆ ಹೋಗುವುದು ಇದೇ ವಿಷಯಕ್ಕೆ. ಸ್ವಲ್ಪ ನಿಧಾನವಾಗಿ ನೋಡೋಣ.

ನೈಟ್ ಮಾಡಿದವರಿಗೆ ಮರುದಿನ ನೈಟ್ ಆಫ್. ಅದು ರಜೆಯಲ್ಲ, ರಾತ್ರಿಯ ನಿದ್ದೆಯನ್ನು ಹಗಲಲ್ಲಿ ತೀರಿಸಿಕೊಳ್ಳುವ ದಿನ. ವೀಕ್ಲಿ ಆಫ್ ಬೇರೆ, ಅದು ವಾರಕ್ಕೆ ಒಂದು ಬರುವ ಹಕ್ಕಿನ ರಜೆ. ರೋಸ್ಟರಿನಲ್ಲಿ ಎರಡಕ್ಕೂ ‘ಆಫ್’ ಅಂತಲೇ ಇರುವುದರಿಂದ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ರೇಣುಕಾ ಶನಿವಾರ ರಾತ್ರಿ ದುಡಿದರೆ ಭಾನುವಾರ ಬೆಳಿಗ್ಗೆ 8ಕ್ಕೆ ಹೊರಬರುತ್ತಾರೆ. ಅವರ ಭಾನುವಾರದ ವೀಕ್ಲಿ ಆಫ್ ಮಲಗುವುದರಲ್ಲೇ ಮುಗಿಯಿತು. ಕಾವ್ಯಳಿಗೆ ಭಾನುವಾರ ಬರೆದಿದ್ದ ನೈಟ್ ಆಫ್‌ಗೆ ಈಗ ಅರ್ಥವೇ ಇಲ್ಲ, ಅವಳು ನೈಟೇ ಮಾಡಿಲ್ಲ. ಅಂದರೆ ಅವಳಿಗೆ ಒಂದು ಪೂರ್ತಿ ರಜೆ ಪುಕ್ಕಟೆ ಸಿಕ್ಕಿತು, ರೇಣುಕಾಗೆ ಒಂದು ಹೋಯಿತು. ಗುರುವಾರ ಕಾವ್ಯಳಿಗೆ ಮತ್ತೆ ವೀಕ್ಲಿ ಆಫ್ ಬಂದಾಗ ರೇಣುಕಾಗೆ ಇದು ಅರಿವಾಗುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಇನ್ನೊಂದು ಸಲ ಕೇಳಿದರೆ ‘ಮನೆಯಲ್ಲಿ ನೆಂಟರು ಬಂದಿದ್ದಾರೆ’ ಅನ್ನುತ್ತಾರೆ.

ಸರಿಪಡಿಸುವುದು ಹೀಗೆ: ಭಾನುವಾರ ಕಾವ್ಯಳ ಹೆಸರಿಗೆ ವೀಕ್ಲಿ ಆಫ್, ರೇಣುಕಾ ಹೆಸರಿಗೆ ನೈಟ್ ಆಫ್. ಪ್ರತಿಯಾಗಿ 19ರ ಗುರುವಾರದ ಕಾವ್ಯಳ ವೀಕ್ಲಿ ಆಫ್ ರೇಣುಕಾಗೆ ಹೋಗಬೇಕು, ರೇಣುಕಾರ ಆ ದಿನದ ಮಾರ್ನಿಂಗ್ ಕಾವ್ಯ ಮಾಡಬೇಕು. ಆ ಗುರುವಾರ ಯುಗಾದಿ ಬೇರೆ. ಹಬ್ಬದ ಬೆಳಿಗ್ಗೆ ಮನೆಯಲ್ಲಿರುವುದು ರೇಣುಕಾಗೆ ಬೆಲೆಯುಳ್ಳದ್ದು, ತಂಗಿಯ ನಿಶ್ಚಿತಾರ್ಥ ಕಾವ್ಯಳಿಗೆ ಬೆಲೆಯುಳ್ಳದ್ದು. ಒಳ್ಳೆಯ ಎಕ್ಸ್‌ಚೇಂಜಿನಲ್ಲಿ ಇಬ್ಬರಿಗೂ ಬೇಕಾದದ್ದು ಏನಾದರೂ ಸಿಕ್ಕಿರುತ್ತದೆ. ಬರೀ ಉಪಕಾರದ ಮೇಲೆ ನಿಂತದ್ದು ಕೊನೆಯ ಗಳಿಗೆಯಲ್ಲಿ ಬೀಳುವುದೇ ಹೆಚ್ಚು.

“ಮುಂದೆ ಯಾವಾಗಲಾದರೂ ಮಾಡಿಕೊಡ್ತೀನಿ” ಅನ್ನುವುದನ್ನು ದಯವಿಟ್ಟು ಬರೆಯಬೇಡಿ. ಅದು ಎಕ್ಸ್‌ಚೇಂಜ್ ಅಲ್ಲ, ಸಾಲ. ಇನ್‌ಚಾರ್ಜ್ ಆ ಸಾಲದ ಲೆಕ್ಕ ಇಡಲಾರರು.

ಹಂತ 3: ಗಂಟೆ ಕೂಡಿಸಿ, ನಡುವಿನ ಬಿಡುವು ಅಳೆಯಿರಿ

ಮೂರು ದಿನಗಳ ಗಂಟೆಯನ್ನು ಮೊದಲಿನಂತೆ ಒಂದು ಸಲ, ಬದಲಾದ ಮೇಲೆ ಒಂದು ಸಲ ಕೂಡಿಸಿ. ಕಾವ್ಯ: ಮೊದಲು ಶನಿವಾರ ನೈಟ್ 12. ಈಗ ಶನಿವಾರ 6, ಗುರುವಾರ 6, ಒಟ್ಟು 12. ರೇಣುಕಾ: ಮೊದಲು ಶನಿವಾರ 6, ಗುರುವಾರ 6. ಈಗ ಶನಿವಾರ ನೈಟ್ 12. ಇಬ್ಬರಿಗೂ ಸಮ. ಓಟಿ ಹುಟ್ಟುವುದಿಲ್ಲ, ಯಾರ ಗಂಟೆಯೂ ಕಡಿಮೆಯಾಗುವುದಿಲ್ಲ. ಇನ್‌ಚಾರ್ಜ್ ಮೊದಲು ಹುಡುಕುವ ಮಾತು ಇದೇ. ಏಕೆಂದರೆ ಓಟಿ ಬಂದರೆ ಅವರು ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಉತ್ತರ ಕೊಡಬೇಕು.

ನಂತರ ಬಿಡುವು. ರೇಣುಕಾಗೆ ಶುಕ್ರವಾರ ರಾತ್ರಿ 8ಕ್ಕೆ ಮುಗಿದು ಶನಿವಾರ ರಾತ್ರಿ 8ಕ್ಕೆ ಶುರು, 24 ಗಂಟೆ ಇದೆ. ಭಾನುವಾರ ಬೆಳಿಗ್ಗೆ 8ರಿಂದ ಸೋಮವಾರ ಮಧ್ಯಾಹ್ನ 2ರವರೆಗೆ 30 ಗಂಟೆ ಬಿಡುವು, ಅದೂ ಸರಿ. ಕಾವ್ಯ ಬುಧವಾರ ಯಾವ ಪಾಳಿಯಲ್ಲಿದ್ದಾಳೆ ನೋಡಿ: ಆಫ್ಟರ್‌ನೂನ್, ರಾತ್ರಿ 8ಕ್ಕೆ ಮುಗಿಯುತ್ತದೆ. ಗುರುವಾರ ಬೆಳಿಗ್ಗೆ 8ಕ್ಕೆ ಬರಬೇಕು, ನಡುವೆ 12 ಗಂಟೆ. ನಡೆಯುತ್ತದೆ. ಬುಧವಾರ ಅವಳಿಗೆ ನೈಟ್ ಇದ್ದಿದ್ದರೆ ಇಡೀ ಒಪ್ಪಂದ ಬಿದ್ದುಹೋಗುತ್ತಿತ್ತು.

ಇನ್ನೊಂದು ಲೆಕ್ಕ ಹಲವರು ಮಾಡುವುದೇ ಇಲ್ಲ. ವೀಕ್ಲಿ ಆಫ್ ಸರಿದಾಗ ಹಿಂದಿನ ಆಫ್‌ನಿಂದ ಮುಂದಿನ ಆಫ್‌ವರೆಗಿನ ದಿನ ಎಣಿಸಬೇಕು. ಕಾವ್ಯ 15ಕ್ಕೆ ಆಫ್ ತೆಗೆದುಕೊಂಡರೆ ಮುಂದಿನದು ಯಾವಾಗ? 22ಕ್ಕೆ ಇದ್ದರೆ ನಡುವೆ ಆರು ದಿನ ಕೆಲಸ, ತೊಂದರೆ ಇಲ್ಲ. 26ಕ್ಕೆ ಇದ್ದರೆ ಹತ್ತು ದಿನ ಸತತ ಬರಬೇಕಾಗುತ್ತದೆ, ಆಗ ಗುರುವಾರದ ಬದಲು ಬೇರೆ ದಿನ ಹುಡುಕಬೇಕು. ರೇಣುಕಾಗೂ ಹೀಗೆಯೇ ಎಣಿಸಿ. ಅವರ ಹಿಂದಿನ ಆಫ್ 11ಕ್ಕೆ ಇತ್ತು, ಮುಂದಿನದು 19ಕ್ಕೆ. ಉದ್ದವೇ, ಆದರೆ ನಡುವೆ ಆ 30 ಗಂಟೆಯ ಬಿಡುವಿದೆ. ಇದನ್ನು ಮುಚ್ಚಿಡದೆ ಮೆಸೇಜಿನಲ್ಲೇ ಹೇಳಿ. ಇನ್‌ಚಾರ್ಜ್ ತಾವೇ ಕಂಡುಹಿಡಿದರೆ ನಿಮ್ಮ ಉಳಿದ ಲೆಕ್ಕವನ್ನೂ ಅನುಮಾನದಿಂದ ನೋಡುತ್ತಾರೆ.

14, 15, 19 ಮೂರೂ ಹಾಜರಾತಿ ತಿಂಗಳ 20ರ ಗಡಿಯೊಳಗೆ ಇವೆ. ಬದಲಿ ದಿನ 23 ಆಗಿದ್ದರೆ ಒಂದು ತಿಂಗಳಲ್ಲಿ ಒಬ್ಬರಿಗೆ ಗಂಟೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಬಿದ್ದು, ಸಂಬಳ ಕಟ್ ಆದ ಮೇಲೆ ಎಚ್‌ಆರ್‌ಗೆ ಅಲೆಯುವ ಕೆಲಸ ಉಳಿಯುತ್ತದೆ.

ಹಂತ 4: ಮೊದಲ ಕೋರಿಕೆ, ಖಾಸಗಿಯಾಗಿ

ಇದನ್ನು ವಾರ್ಡ್ ಗ್ರೂಪಿನಲ್ಲಿ ಹಾಕಬೇಡಿ. ಎಲ್ಲರ ಮುಂದೆ ಕೇಳಿದರೆ ರೇಣುಕಾಗೆ ಇಲ್ಲ ಅನ್ನಲು ಮುಜುಗರ. ಮುಜುಗರಕ್ಕೆ ಹೂಂ ಅಂದವರೇ ಶನಿವಾರ ಮಧ್ಯಾಹ್ನ ಫೋನ್ ಎತ್ತದವರು. ಕಾವ್ಯ 7ರ ಶನಿವಾರ ಹೀಗೆ ಬರೆಯುತ್ತಾಳೆ:

> ರೇಣುಕಕ್ಕ, ಒಂದು ಡ್ಯೂಟಿ ಎಕ್ಸ್‌ಚೇಂಜ್ ಕೇಳ್ಬೇಕಿತ್ತು. 15 ಭಾನುವಾರ ಬೆಳಿಗ್ಗೆ ಹಾಸನದಲ್ಲಿ ತಂಗಿ ನಿಶ್ಚಿತಾರ್ಥ. ನಂಗೆ 14 ಶನಿವಾರ ನೈಟ್ ಇದೆ (ಶನಿವಾರ ರಾತ್ರಿ 8ರಿಂದ ಭಾನುವಾರ ಬೆಳಿಗ್ಗೆ 8). ಅದನ್ನ ನೀವು ಮಾಡೋಕಾಗುತ್ತಾ? ಶನಿವಾರದ ನಿಮ್ಮ ಆಫ್ಟರ್‌ನೂನ್ ನಾನು ಮಾಡ್ತೀನಿ. ಭಾನುವಾರ ನಿಮ್ಮ ವೀಕ್ಲಿ ಆಫ್ ಹೋಗುತ್ತೆ, ಅದಕ್ಕೆ 19 ಗುರುವಾರ ಯುಗಾದಿ ದಿನ ನನ್ನ ಆಫ್ ನೀವು ತಗೊಳ್ಳಿ, ಅವತ್ತಿನ ನಿಮ್ಮ ಮಾರ್ನಿಂಗ್ ನಾನು ಮಾಡ್ತೀನಿ. ಆಗಲ್ಲ ಅಂದ್ರೂ ಬೇಜಾರಿಲ್ಲ ಅಕ್ಕ, ಬೇರೆಯವರನ್ನ ಕೇಳ್ತೀನಿ. ಸೋಮವಾರ ಸಂಜೆಯೊಳಗೆ ಹೇಳಿದ್ರೆ ಸಾಕು.

ನೈಟಿಗೆ ಎರಡು ದಿನಗಳ ಹೆಸರೂ ಇರುವುದನ್ನು ಗಮನಿಸಿ. ‘15ರ ನೈಟ್’ ಅಂತ ಬರೆದರೆ ಒಬ್ಬರು 14ರ ರಾತ್ರಿ ಅಂದುಕೊಳ್ಳುತ್ತಾರೆ, ಇನ್ನೊಬ್ಬರು 15ರ ರಾತ್ರಿ. ಆಗ ಒಂದು ರಾತ್ರಿ ಇಬ್ಬರೂ ಬರುವುದಿಲ್ಲ. ‘ನಾಳೆ’, ‘ಮುಂದಿನ ಶನಿವಾರ’ ಕೂಡ ಬೇಡ. ಮೆಸೇಜ್ ಫಾರ್ವರ್ಡ್ ಆದ ದಿನ ‘ನಾಳೆ’ ಬದಲಾಗಿರುತ್ತದೆ.

ಕಾರಣ ಒಂದು ಸಾಲು ಸಾಕು. ಆಸ್ಪತ್ರೆ ತಪಾಸಣೆಯೋ ಮನೆಯ ತಾಪತ್ರಯವೋ ಆಗಿದ್ದರೆ ‘ಮನೆ ಕೆಲಸ’ ಅಂದರೂ ಸಾಕು. ಎಕ್ಸ್‌ಚೇಂಜ್ ನಿಲ್ಲುವುದು ಲೆಕ್ಕದ ಮೇಲೆ, ಕಾರಣದ ಮೇಲಲ್ಲ. ಉತ್ತರಕ್ಕೆ ಗಡುವು ಮಾತ್ರ ಇರಲೇಬೇಕು. ಇಲ್ಲದಿದ್ದರೆ ಇನ್ನೊಬ್ಬರನ್ನು ಕೇಳಲೂ ಆಗದೆ, ಇವರನ್ನು ಬಿಡಲೂ ಆಗದೆ ಗುರುವಾರ ಬಂದುಬಿಡುತ್ತದೆ.

ಹಂತ 5: ‘ಸರಿ’ ಅನ್ನುವ ಉತ್ತರ ಸಾಲದು

ಹೆಬ್ಬೆರಳಿನ ಎಮೋಜಿ ಒಪ್ಪಿಗೆಯಲ್ಲ. ‘ನೋಡೋಣ’ ಖಂಡಿತ ಅಲ್ಲ, ನಮ್ಮಲ್ಲಿ ಅದು ಇಲ್ಲ ಅನ್ನುವ ಮರ್ಯಾದೆಯ ರೂಪ. ಒಪ್ಪುವವರು ತಾರೀಖು, ಪಾಳಿ ಎರಡನ್ನೂ ತಮ್ಮ ಮಾತಿನಲ್ಲಿ ಮತ್ತೆ ಬರೆಯಬೇಕು. ಹಾಗೆ ಬರೆಯುವಾಗಲೇ ತಪ್ಪು ಹೊರಬೀಳುತ್ತದೆ.

> ಆಗುತ್ತೆ ಕಾವ್ಯ. 14 ಶನಿವಾರ ರಾತ್ರಿ 8ಕ್ಕೆ ನೈಟಿಗೆ ನಾನು ಬರ್ತೀನಿ, ಅವತ್ತಿನ ನನ್ನ ಆಫ್ಟರ್‌ನೂನ್ ನೀನು ಮಾಡು. 15 ಭಾನುವಾರ ನಂಗೆ ನೈಟ್ ಆಫ್, ನಿಂಗೆ ವೀಕ್ಲಿ ಆಫ್. 19 ಗುರುವಾರ ಆಫ್ ನಂಗೆ, ಮಾರ್ನಿಂಗ್ ನಿಂಗೆ. ಒಂದೇ ವಿಷ್ಯ, 16 ಸೋಮವಾರ ನನ್ನ ಆಫ್ಟರ್‌ನೂನ್ ಹಾಗೇ ಇರ್ಬೇಕು, ಮಾರ್ನಿಂಗ್ ಮಾಡಿದ್ರೆ ಆಗಲ್ಲ.

ಕೊನೆಯ ಷರತ್ತು ಚಿಕ್ಕದಾಗಿ ಕಂಡರೂ ಅದನ್ನು ಇನ್‌ಚಾರ್ಜಿಗೆ ತಲುಪಿಸಲೇಬೇಕು. ಸೋಮವಾರ ಯಾರೋ ರಜೆ ಹಾಕಿದರೆ ಅವರು ರೇಣುಕಾರನ್ನೇ ಬೆಳಿಗ್ಗೆಗೆ ಎಳೆಯಬಹುದು.

ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದರೆ, ಇಟ್ಟ ಕೂಡಲೇ ಬರಹದಲ್ಲಿ ತರಿಸಿಕೊಳ್ಳಿ. ವಾಯ್ಸ್ ಮೆಸೇಜನ್ನು ವಾರ್ಡಿನ ಗದ್ದಲದಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ.

ಹಂತ 6: ಇನ್‌ಚಾರ್ಜ್ ಓದುವ ಮೆಸೇಜ್

ಹಿಂದಿನ ಮಾತುಕತೆಯ ಸ್ಕ್ರೀನ್‌ಶಾಟ್ ಕಳಿಸಿ ‘ಮೇಡಂ ನೋಡಿ’ ಅನ್ನುವವರೇ ಹೆಚ್ಚು. ಅದು ಬೇಡ. ಮೂವರೂ ಇರುವ ಒಂದು ಚಿಕ್ಕ ಗ್ರೂಪ್ ಮಾಡಿ, ಅದರಲ್ಲಿ ಹೊಸದಾಗಿ ಒಂದೇ ಮೆಸೇಜ್ ಹಾಕಿ. ಇನ್‌ಚಾರ್ಜ್ ರೋಸ್ಟರ್ ಮುಂದೆ ನಿಂತು, ಇದನ್ನು ನೋಡಿ ನೇರವಾಗಿ ಪೆನ್ನಿನಲ್ಲಿ ತಿದ್ದುವಂತಿರಬೇಕು.

> ಮೇಡಂ, ಡ್ಯೂಟಿ ಎಕ್ಸ್‌ಚೇಂಜ್‌ಗೆ ಒಪ್ಪಿಗೆ ಬೇಕಿತ್ತು. ಕಾವ್ಯ ಮತ್ತು ರೇಣುಕಾ, ಫೀಮೇಲ್ ಮೆಡಿಕಲ್ ವಾರ್ಡ್.
>
> 14 ಮಾರ್ಚ್ ಶನಿವಾರ: ಆಫ್ಟರ್‌ನೂನ್ ಕಾವ್ಯ (ಮೊದಲು ರೇಣುಕಾ). ನೈಟ್, ಶನಿವಾರ ರಾತ್ರಿ 8ರಿಂದ ಭಾನುವಾರ ಬೆಳಿಗ್ಗೆ 8, ರೇಣುಕಾ (ಮೊದಲು ಕಾವ್ಯ).
>
> 15 ಮಾರ್ಚ್ ಭಾನುವಾರ: ಕಾವ್ಯ ವೀಕ್ಲಿ ಆಫ್, ರೇಣುಕಾ ನೈಟ್ ಆಫ್.
>
> 19 ಮಾರ್ಚ್ ಗುರುವಾರ: ಮಾರ್ನಿಂಗ್ ಕಾವ್ಯ (ಮೊದಲು ರೇಣುಕಾ). ರೇಣುಕಾ ವೀಕ್ಲಿ ಆಫ್.
>
> ಬೇರೆ ಯಾರ ಡ್ಯೂಟಿಯೂ ಬದಲಾಗಲ್ಲ. ಇಬ್ಬರ ಗಂಟೆಯೂ ಮೊದಲಿನಷ್ಟೇ, ಓಟಿ ಇಲ್ಲ, ಡಬಲ್ ಡ್ಯೂಟಿ ಇಲ್ಲ. ರೇಣುಕಾಗೆ 11ರ ನಂತರದ ವೀಕ್ಲಿ ಆಫ್ 19ಕ್ಕೆ ಬರುತ್ತೆ, ನಡುವೆ ಭಾನುವಾರ ಬೆಳಿಗ್ಗೆ 8ರಿಂದ ಸೋಮವಾರ ಮಧ್ಯಾಹ್ನ 2ರವರೆಗೆ ಬಿಡುವಿದೆ. ಹಾಗಾಗಿ 16ರ ಅವರ ಆಫ್ಟರ್‌ನೂನ್ ಬದಲಾಯಿಸದೆ ಇಟ್ಟರೆ ಉಪಕಾರ. ಶನಿವಾರ ನೈಟಿಗೆ ಹೊಸ ಸಿಸ್ಟರ್ ಜೊತೆ ಸೀನಿಯರ್ ಆಗಿ ರೇಣುಕಾ ಇರ್ತಾರೆ.
>
> ನೀವು ಒಪ್ಪೋವರೆಗೂ ರೋಸ್ಟರ್‌ನಲ್ಲಿ ಇರೋ ಹಾಗೇ ಡ್ಯೂಟಿಗೆ ಬರ್ತೀವಿ. 11 ಮಾರ್ಚ್ ಬುಧವಾರದೊಳಗೆ ತಿಳಿಸಿದರೆ ಅನುಕೂಲ ಮೇಡಂ.

ಇದರ ಕೆಳಗೆ ರೇಣುಕಾ ಅದೇ ಮೆಸೇಜಿಗೆ ರಿಪ್ಲೈ ಒತ್ತಿ, “ನನಗೆ ಒಪ್ಪಿಗೆ ಇದೆ ಮೇಡಂ – ರೇಣುಕಾ” ಅಂತ ತಾವೇ ಬರೆಯಬೇಕು. ಅವರ ಪರವಾಗಿ ಕಾವ್ಯ ‘ಅಕ್ಕ ಒಪ್ಪಿದ್ದಾರೆ’ ಅಂದರೆ ಲೆಕ್ಕಕ್ಕಿಲ್ಲ.

ಸೀನಿಯರ್ ವಿಷಯದ ಸಾಲನ್ನು ಯಾಕೆ ಸೇರಿಸಿದ್ದು? ನೈಟಿನಲ್ಲಿ ಇರುವುದೇ ಇಬ್ಬರು. ಇಬ್ಬರೂ ಹೊಸಬರಾದರೆ ರಾತ್ರಿ ರೋಗಿಗೆ ಉಸಿರು ಸಿಕ್ಕಿಕೊಂಡಾಗ ವಾರ್ಡ್ ನಡೆಯುವುದಿಲ್ಲ. ಇಲ್ಲಿ ಜೂನಿಯರ್ ಜಾಗಕ್ಕೆ ಸೀನಿಯರ್ ಬರುತ್ತಿರುವುದರಿಂದ ಸುಲಭವಾಯಿತು. ತಿರುಗಾಮುರುಗಾ ಆಗಿದ್ದರೆ, ಅಂದರೆ ರೇಣುಕಾರ ನೈಟನ್ನು ಕಾವ್ಯ ಮಾಡುವುದಾಗಿದ್ದರೆ, ಆ ರಾತ್ರಿ ಜೊತೆಗಿರುವವರು ಯಾರು ಅಂತ ನೋಡದೆ ಕೇಳಲೇಬಾರದು. ಐಸಿಯು, ಡಯಾಲಿಸಿಸ್, ಲೇಬರ್ ವಾರ್ಡುಗಳಲ್ಲಿ ಇನ್ನೂ ಬಿಗಿ: ಆ ಕೆಲಸದ ತರಬೇತಿ ಆದವರ ನಡುವೆ ಮಾತ್ರ ಅದಲುಬದಲು.

ಕಳಿಸಿದ ಮೇಲೆ ತಪ್ಪು ಕಂಡರೆ ಹಳೆಯ ಮೆಸೇಜನ್ನು ಎಡಿಟ್ ಮಾಡಬೇಡಿ, ಡಿಲೀಟೂ ಬೇಡ. ‘ಮೇಲಿನದರಲ್ಲಿ ತಪ್ಪಿದೆ, ಸರಿಯಾದದ್ದು ಇದು’ ಅಂತ ಪೂರ್ತಿ ಮೆಸೇಜನ್ನು ಮತ್ತೆ ಹಾಕಿ. ರೇಣುಕಾ ಒಪ್ಪಿದ್ದು ಯಾವುದಕ್ಕೆ ಅನ್ನುವುದು ಗೊಂದಲವಾಗಬಾರದು, ಅವರೂ ಮತ್ತೊಮ್ಮೆ ಒಪ್ಪಿಗೆ ಬರೆಯಲಿ.

ಹಂತ 7: ‘ಸರಿ’ ಬಂದ ಮೇಲೆ

ಬ್ಲೂ ಟಿಕ್ ಒಪ್ಪಿಗೆಯಲ್ಲ. ಗಡುವು ದಾಟಿದರೆ ಎದುರಿಗೇ ಹೋಗಿ, ಹ್ಯಾಂಡೋವರ್ ಮುಗಿದ ಹೊತ್ತಿಗೆ ಕೇಳಿ. ಬಾಯಲ್ಲಿ ಒಪ್ಪಿದರೂ ಗ್ರೂಪಿನಲ್ಲಿ ಒಂದು ‘ಸರಿ’ ಹಾಕಿಸಿಕೊಳ್ಳಿ.

ಆಮೇಲೆ ಬೋರ್ಡಿನ ರೋಸ್ಟರಿನಲ್ಲಿ ತಿದ್ದುಪಡಿ ಬಿದ್ದಿದೆಯೇ ನೋಡಿ. ಇದು ಇನ್‌ಚಾರ್ಜ್ ಕೈಯಿಂದಲೇ ಆಗಬೇಕು, ನೀವು ಬರೆಯಬೇಡಿ. ಪಂಚಿಂಗ್ ಸಾಫ್ಟ್‌ವೇರಿನಲ್ಲಿ ಪಾಳಿ ಬದಲಾಗಿದೆಯೇ ಅನ್ನುವುದನ್ನು ಬೇರೆಯಾಗಿ ವಿಚಾರಿಸಬೇಕು. ಕಾಗದ ತಿದ್ದಿ ಸಿಸ್ಟಮ್ ಬಿಟ್ಟುಹೋದರೆ ಕಾವ್ಯ ಶನಿವಾರ ರಾತ್ರಿ ಗೈರುಹಾಜರಿ, ರೇಣುಕಾಗೆ ನೈಟ್ ಅಲೋವೆನ್ಸ್ ಇಲ್ಲ. ಅಲೋವೆನ್ಸ್ ನೈಟ್ ಮಾಡಿದವರಿಗೆ ಸೇರಿದ್ದು. ರೋಸ್ಟರಿನಲ್ಲಿ ಮೊದಲು ಹೆಸರಿದ್ದವರಿಗೆ ಬಂದು, ಅವರು ಗೂಗಲ್ ಪೇ ಮಾಡಿ ತೀರಿಸುವ ವ್ಯವಹಾರಕ್ಕೆ ಇಳಿಯಬೇಡಿ. ಆಸ್ಪತ್ರೆಯ ಕ್ಯಾಬಿನಲ್ಲಿ ಬರುವವರು ಪಿಕಪ್ ಪಟ್ಟಿಗೂ ಹೇಳಿ.

ಎಚ್ಚರಿಕೆಯ ಗುರುತುಗಳು

ಎಕ್ಸ್‌ಚೇಂಜಿಗೆ ಮೂರನೆಯವರು ಬೇಕಾಯಿತು ಅಂದರೆ ನಿಲ್ಲಿಸಿ. ‘ಕಾವ್ಯಳದ್ದು ರೇಣುಕಾ, ರೇಣುಕಾದು ಶೋಭಾ, ಶೋಭಾದು ಕಾವ್ಯ’ ಅನ್ನುವ ಸರಪಳಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ಮೂರು ಪಾಳಿ ಅಲುಗಾಡುತ್ತವೆ. ಇಂಥದ್ದನ್ನು ಇನ್‌ಚಾರ್ಜಿಗೇ ಬಿಟ್ಟು, ರಜೆ ಅರ್ಜಿ ಹಾಕುವುದು ಮೇಲು.

ಒಬ್ಬರೇ ಸಹೋದ್ಯೋಗಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದೀರಾ? ಅವರು ನೈಟ್‌ಗಳನ್ನೇ ಹೊರುತ್ತಿದ್ದಾರಾ? ಇನ್‌ಚಾರ್ಜ್ ಅದನ್ನು ರೋಸ್ಟರಿನಲ್ಲಿ ಕಾಣುತ್ತಾರೆ. ಈ ಉದಾಹರಣೆಯಲ್ಲೂ ಕಾವ್ಯಳ ಲೆಕ್ಕದಿಂದ ಒಂದು ನೈಟ್ ಕಡಿಮೆಯಾಯಿತು. ಮುಂದಿನ ರೋಸ್ಟರಿನಲ್ಲಿ ಅವಳಿಗೆ ಒಂದು ಹೆಚ್ಚು ಬಿದ್ದರೆ ಮುಖ ಸಣ್ಣ ಮಾಡುವಂತಿಲ್ಲ.

ಒಪ್ಪಿಗೆ ಆದ ಮೇಲೆ ಶನಿವಾರ ರೇಣುಕಾಗೆ ಹುಷಾರು ತಪ್ಪಿದರೆ ಅವರು ಫೋನ್ ಮಾಡಬೇಕಾದದ್ದು ಇನ್‌ಚಾರ್ಜಿಗೆ, ಹಾಸನದ ದಾರಿಯಲ್ಲಿರುವ ಕಾವ್ಯಳಿಗಲ್ಲ. ತಿದ್ದುಪಡಿ ಬಿದ್ದ ಕ್ಷಣದಿಂದ ಆ ನೈಟ್ ರೇಣುಕಾದೇ. ಒಪ್ಪಿಗೆಗೆ ಮೊದಲಾದರೆ ಅದು ಕಾವ್ಯಳದು. ಇದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು.

ನಿಶ್ಚಿತಾರ್ಥವೇ ಮುಂದೆ ಹೋದರೆ? ಎಕ್ಸ್‌ಚೇಂಜ್ ತಾನಾಗಿ ರದ್ದಾಗುವುದಿಲ್ಲ. ರೇಣುಕಾ ಅಷ್ಟರಲ್ಲಿ ಯುಗಾದಿಗೆ ಊರಿನ ಬಸ್ ಬುಕ್ ಮಾಡಿರಬಹುದು. ಮೊದಲು ಅವರನ್ನು ಕೇಳಿ. ಅವರು ಒಪ್ಪಿದರೆ ಮಾತ್ರ ಅದೇ ಮೂವರ ಗ್ರೂಪಿನಲ್ಲಿ, “ಮೇಡಂ, 14, 15, 19ರ ನಮ್ಮ ಎಕ್ಸ್‌ಚೇಂಜ್ ರದ್ದು ಮಾಡಬೇಕಿತ್ತು, ಮೂರೂ ದಿನ ಮೊದಲಿನ ರೋಸ್ಟರ್ ಪ್ರಕಾರ ಬರ್ತೀವಿ” ಅಂತ ಹಾಕಿ, ಮತ್ತೆ ‘ಸರಿ’ ಬರುವವರೆಗೆ ಬದಲಾದ ರೋಸ್ಟರಿಗೇ ಡ್ಯೂಟಿಗೆ ಹೋಗಿ. ಅರ್ಧ ರದ್ದು, ಅಂದರೆ ಶನಿವಾರದ್ದು ಬೇಡ, ಗುರುವಾರದ್ದು ಇರಲಿ ಅನ್ನುವುದಾದರೆ ಅದು ಹೊಸ ಎಕ್ಸ್‌ಚೇಂಜ್. ಗಂಟೆ ಕೂಡಿಸುವಲ್ಲಿಂದ ಮತ್ತೆ ಶುರು ಮಾಡಬೇಕು.